ತೊಗರಿಯಾಗ ತತ್ತಿ ನೋಡದವರು ಎನ್‌ಪಿವಿ ತರಬೇಡಿ

ಹೋದ ವಾರ ಮಸ್ಕಿ ಸಂತೆಯಲ್ಲಿ ನಮ್ಮ ಕಡೆಯ ಹುಡುಗ ಒಬ್ಬ ಸಿಕ್ಕ. ಚಹಾ ಬರುವುದಕ್ಕೂ ಮೊದಲೇ ಶುರು ಮಾಡಿದ. "ಕಾಕಾ, ನೀವು ಬರದಿದ್ದು ಓದಿ ಎನ್‌ಪಿವಿ ತಂದು ಹೊಡದೆ. ನೀರು ಹೊಡದಂಗ ಆತು. ಮೂರು ದಿನ ಆದ್ರೂ ಹುಳ ಹಂಗಾ ತಿನ್ನಾಕತ್ತಿದ್ವು. ನಾಕನೇ ದಿನ ಅಂಗಡಿಗೆ ಹೋಗಿ ಬ್ಯಾರೆ ಎಣ್ಣಿ ತಂದೆ."

ನಾನು ಮೂರೇ ಮಾತು ಕೇಳಿದೆ. ಹುಳ ಎಷ್ಟು ದೊಡ್ಡದಿತ್ತು? ಕಿರುಬೆರಳಿನ ಅರ್ಧದಷ್ಟು ಅಂದ. ಎಷ್ಟು ಹೊತ್ತಿಗೆ ಹೊಡೆದೆ? ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಿದೆ ಅಂದ. ಬಾಟ್ಲಿ ಎಲ್ಲಿ ಇಟ್ಟಿದ್ದೆ? ಟ್ರ್ಯಾಕ್ಟರ್ ಡಬ್ಬಿಯಲ್ಲಿ, ಎರಡು ದಿನ.

ಆ ಬಾಟ್ಲಿಯೊಳಗೆ ಏನಿತ್ತೋ ಅದು ಹೊಲಕ್ಕೆ ಹೋಗುವ ಮೊದಲೇ ಅರ್ಧ ಸತ್ತಿತ್ತು. ಉಳಿದದ್ದನ್ನು ಬಿಸಿಲು ಕೊಂದಿತು. ಅದರಲ್ಲೂ ಉಳಿದದ್ದು ಹುಳದ ಹೊಟ್ಟೆಗೆ ಹೋಗಿರಬಹುದು, ಆದರೆ ಅಷ್ಟು ಬೆಳೆದ ಹುಳ ಅದಕ್ಕೆ ಬಗ್ಗುವುದಿಲ್ಲ. ಹುಡುಗನದು ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಷದ ಬಾಟ್ಲಿಗಳ ಸಾಲಿನಲ್ಲೇ ಇಟ್ಟು, ವಿಷ ಮಾರಿದ ಹಾಗೆ ಮಾರುತ್ತಾರೆ. ತಂದವರೂ ವಿಷದ ಹಾಗೇ ಹೊಡೆಯುತ್ತಾರೆ. ಅದಕ್ಕೇ ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಗಿಡದ ಮೇಲೆ ತತ್ತಿ ಹುಡುಕುವ ರೂಢಿ ಇಲ್ಲದವರು ಎನ್‌ಪಿವಿಗೆ ದುಡ್ಡು ಹಾಕಬೇಡಿ. ರೂಢಿ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ತೊಗರಿಯಲ್ಲಿ ಇನ್ನೊಂದು ನನಗೆ ಕಂಡಿಲ್ಲ.

ಮೊದಲು ಹುಳದ ಮಾತು. ನಾವು ಕಾಯಿಕೊರಕ, ಹಸಿರು ಹುಳ, ಕೀಡಿ ಅಂತ ಕರೆಯುವುದರ ಶಾಸ್ತ್ರದ ಹೆಸರು ಹೆಲಿಕೊವರ್ಪ ಆರ್ಮಿಜೆರ. ಹಸಿರು ಹುಳ ಅನ್ನುವ ಹೆಸರು ಮೋಸದ್ದು. ಅದೇ ಹುಳ ಕಂದು ಇರಬಹುದು, ಗುಲಾಬಿ ಇರಬಹುದು, ಕಪ್ಪಗೂ ಇರಬಹುದು. ಮೈಯ ಎರಡೂ ಬದಿಗೆ ಉದ್ದಕ್ಕೆ ತಿಳಿ ಬಣ್ಣದ ಗೆರೆ ಇರುತ್ತದೆ, ಅದನ್ನು ನೋಡಿ ಗುರುತು ಹಿಡಿಯಬೇಕು. ತಲೆ ಕಾಯಿಯೊಳಗೆ ತೂರಿಸಿ ಮೈ ಹೊರಗೆ ಬಿಟ್ಟುಕೊಂಡು ತಿನ್ನುತ್ತದೆ. ಕಾಯಿಯಲ್ಲಿ ಬಿಡುವ ತೂತು ದುಂಡಗೆ, ದೊಡ್ಡದು.

ಇದನ್ನು ಯಾಕೆ ಹೇಳಿದೆ ಅಂದರೆ, ತೊಗರಿಯಲ್ಲಿ ಇನ್ನೆರಡು ಕಾಟ ಇವೆ. ಹೂವು, ಎಲೆ, ಎಳೆ ಕಾಯಿ ಎಲ್ಲವನ್ನೂ ಬಲೆಯಿಂದ ಸೇರಿಸಿ ಗೂಡು ಮಾಡಿಕೊಂಡು ಒಳಗೆ ಕೂತು ತಿನ್ನುವ ಹುಳ ಒಂದು. ಕಾಯಿ ಒಡೆದಾಗ ಮಾತ್ರ ಕಾಣುವ, ಕಾಳಿನೊಳಗೆ ಇರುವ ಕಾಯಿ ನೊಣದ ಮರಿ ಇನ್ನೊಂದು. ಕಾಯಿಕೊರಕದ ಎನ್‌ಪಿವಿ ಈ ಎರಡಕ್ಕೂ ಏನೂ ಮಾಡುವುದಿಲ್ಲ. ಆ ವೈರಸ್ಸು ತನ್ನ ಹುಳವನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಎಲೆ ತಿನ್ನುವ ಸ್ಪೊಡೊಪ್ಟೆರಾ ಹುಳಕ್ಕೆ ಬೇರೆಯದೇ ಎನ್‌ಪಿವಿ ಇದೆ. ಒಂದರ ಬಾಟ್ಲಿ ಇನ್ನೊಂದಕ್ಕೆ ಹೊಡೆದು ಕೆಲಸ ಮಾಡಲಿಲ್ಲ ಅಂದವರನ್ನೂ ನೋಡಿದ್ದೇನೆ. ಜೇನಿಗೆ, ಗುಲಗಂಜಿ ಹುಳಕ್ಕೆ, ದನಕ್ಕೆ, ಮನುಷ್ಯರಿಗೆ ಇದರಿಂದ ತೊಂದರೆ ಇಲ್ಲ ಅನ್ನುವುದೂ ಇದೇ ಕಾರಣಕ್ಕೆ.

ವೈರಸ್ಸು ಇಷ್ಟು ಮಡಿವಂತ, ಹುಳ ಮಾತ್ರ ಅದಕ್ಕೆ ಪೂರ್ತಿ ತಿರುಗಾಮುರುಗ. ಸಿಕ್ಕಿದ್ದೆಲ್ಲ ತಿನ್ನುತ್ತದೆ. ಬೆಳೆ, ಕಳೆ ಎಲ್ಲ ಸೇರಿ 180ಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಇದು ಬದುಕುತ್ತದೆ ಅಂತ ಲೆಕ್ಕ. ಪುಸ್ತಕದ ಲೆಕ್ಕ ಬಿಡಿ, ನಮ್ಮ ಮೂರು ತಾಲೂಕಿನ ವರ್ಷವನ್ನೇ ನೋಡಿ. ಮುಂಗಾರಿಯಲ್ಲಿ ಹೆಸರು ಹೂ ಬಿಟ್ಟಾಗ ಅದರ ಮೇಲೆ. ಹತ್ತಿಗೆ ಮಗ್ಗು ಬಂದಾಗ ಹತ್ತಿ ಮೇಲೆ. ದಸರಾ ಹೊತ್ತಿಗೆ ತೊಗರಿ ಹೂವಿಗೆ ಬರುತ್ತದೆ, ಆಗ ತೊಗರಿಗೆ. ತೊಗರಿ ಕಾಯಿ ಬಲಿಯುವಷ್ಟರಲ್ಲಿ ಎರಿ ಹೊಲದಲ್ಲಿ ಕಡ್ಲಿ ಎದ್ದಿರುತ್ತದೆ. ಆಮೇಲೆ ಸೂರ್ಯಕಾಂತಿ, ಜ್ವಾಳದ ತೆನಿ, ಮೆಣಸಿನಕಾಯಿ. ಬ್ಯಾಸಗಿಯಲ್ಲಿ ಎಲ್ಲಾ ಒಣಗಿತು ಅಂದುಕೊಂಡರೆ ಬೋರಿನ ನೀರಿನಲ್ಲಿ ಟೊಮೆಟೊ, ಬೆಂಡಿ ಇರುತ್ತವೆ.

ಸಿಂಧನೂರಿನಲ್ಲಿರುವ ನನ್ನ ಭಾವ ಇದನ್ನು ಒಪ್ಪುತ್ತಿರಲಿಲ್ಲ. "ನಮ್ಮದು ನೆಲ್ಲಿನ ಸೀಮಿ, ನಿಮ್ಮ ತೊಗರಿ ಹುಳಕ್ಕೂ ನಮಗೂ ಏನು ಸಂಬಂಧ?" ಅನ್ನುತ್ತಿದ್ದರು. ನೆಲ್ಲಿಗೆ ಈ ಹುಳ ಬರುವುದಿಲ್ಲ, ಅದು ನಿಜ. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಕೊನೆಗೆ ಮುಟ್ಟದ ಹೊಲಗಳಲ್ಲಿ ಹತ್ತಿ, ಕಡ್ಲಿ, ಸೂರ್ಯಕಾಂತಿ ಇರುತ್ತವಲ್ಲ, ಪತಂಗಕ್ಕೆ ಅಷ್ಟು ಸಾಕು. ರಾತ್ರಿ ಹಾರುವ ಜೀವ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಸಿಂಧನೂರಿನ ಕಾಲುವೆ ತುದಿಯಿಂದ ಮಸ್ಕಿಯ ಮಳಿ ಹೊಲಕ್ಕೆ, ಅಲ್ಲಿಂದ ನಮ್ಮ ಲಿಂಗಸುಗೂರಿಗೆ ಬರಲು ಅದಕ್ಕೆ ಬಸ್ ಬೇಕಿಲ್ಲ.

ಇಲ್ಲಿ ಇನ್ನೊಂದು ಮಾತು. ಬಿಟಿ ಹತ್ತಿ ಬಂದ ಮೇಲೆ ಹತ್ತಿಯಲ್ಲಿ ಈ ಹುಳ ಕಡಿಮೆ ಆಯಿತು. ಹತ್ತಿ ಬೀಜದ ಪಾಕೀಟಿನ ಜೊತೆ ಕೆಲವರಿಗೆ ತೊಗರಿ ಬೀಜ ಬಂದದ್ದು ನೆನಪಿರಬೇಕು, ಸುತ್ತಲೂ ಬಿತ್ತಿ ಅಂತ. ನಾವು ಅದನ್ನು ಪುಕ್ಕಟೆ ತೊಗರಿ ಅಂದುಕೊಂಡೆವು. ಅದನ್ನು ಕೊಟ್ಟದ್ದು ಕಾಯಿಕೊರಕ ಬದುಕಿರಲಿ ಅಂತಲೇ. ಬಿಟಿ ವಿಷಕ್ಕೆ ಪಳಗದ ಒಂದಷ್ಟು ಪತಂಗ ಉಳಿದಿದ್ದರೆ, ಪಳಗಿದ ಪತಂಗಗಳ ಜೊತೆ ಕೂಡಿ ಆ ಗುಣ ಬೇಗ ಹರಡದಿರಲಿ ಅನ್ನುವ ಲೆಕ್ಕ ಅದು. ಲೆಕ್ಕ ಸರಿಯಾದದ್ದೇ. ಆದರೆ ಅರ್ಥ ಏನಾಯಿತು ನೋಡಿ: ಹತ್ತಿ ಉಳಿಯಲಿಕ್ಕೆ ಹುಳಕ್ಕೆ ಬಿಟ್ಟುಕೊಟ್ಟ ಬೆಳೆ ನಮ್ಮ ತೊಗರಿ.

ಇಷ್ಟು ಬೆಳೆ ಸುತ್ತುವ ಹುಳ ಪ್ರತಿ ಬೆಳೆಯಲ್ಲೂ ನಮ್ಮ ಎಣ್ಣೆಯ ರುಚಿ ನೋಡಿಕೊಂಡೇ ಬರುತ್ತದೆ. ಹತ್ತಿಯಲ್ಲಿ ಹೊಡೆದದ್ದಕ್ಕೆ ಬಗ್ಗದೆ ಉಳಿದದ್ದರ ಮಕ್ಕಳು ತೊಗರಿಗೆ ಬರುತ್ತವೆ, ತೊಗರಿಯಲ್ಲಿ ಉಳಿದದ್ದರ ಮಕ್ಕಳು ಕಡ್ಲಿಗೆ. ಆಂಧ್ರದ ಗುಂಟೂರು, ಪ್ರಕಾಶಂ ಕಡೆ 1987ರಲ್ಲಿ ಹತ್ತಿ ಹೊಲಗಳಲ್ಲಿ ಪೈರೆಥ್ರಾಯ್ಡ್ ಎಣ್ಣೆಗಳು ಎಷ್ಟು ಹೊಡೆದರೂ ಹುಳ ಸಾಯದೆ ಬೆಳೆ ಹೋದದ್ದು ಇದೇ ದಾರಿಯಿಂದ. 1997-98ರಲ್ಲಿ ಕಲಬುರಗಿ, ಬೀದರ್ ಕಡೆ ಅಕಾಲದ ಮಳೆ ಮತ್ತು ಈ ಹುಳ ಎರಡೂ ಸೇರಿ ತೊಗರಿ ಹೋಯಿತು, ರೈತರ ಜೀವಗಳೂ ಹೋದವು. ಆ ದಿನಗಳಲ್ಲಿ ಎಣ್ಣೆಗೆ ಹುಳ ಬಗ್ಗದಿದ್ದಾಗ ಜನ ಗಿಡ ಅಲುಗಾಡಿಸಿ, ಕೆಳಗೆ ಬಿದ್ದ ಹುಳ ಆರಿಸಿ ಕೊಂದರು. ಇವತ್ತಿಗೂ ಅದು ಕೆಲಸಕ್ಕೆ ಬರುವ ಉಪಾಯವೇ, ಮುಂದೆ ಹೇಳುತ್ತೇನೆ.

ಈಗ ವೈರಸ್ಸು ಮಾಡುವ ಕೆಲಸ. ಎಣ್ಣೆಯ ಹಾಗೆ ಮೈಗೆ ತಾಗಿದರೆ ಅದು ಕೊಲ್ಲುವುದಿಲ್ಲ. ಹುಳ ಅದನ್ನು ತಿನ್ನಬೇಕು. ವೈರಸ್ಸುಗಳು ಕಣ್ಣಿಗೆ ಕಾಣದ ಒಂದು ಹರಳಿನೊಳಗೆ ಪ್ಯಾಕ್ ಆಗಿರುತ್ತವೆ. ಹುಳದ ಹೊಟ್ಟೆಯೊಳಗೆ ಸೌಳಿನಂಥ ಕ್ಷಾರದ ರಸ ಇರುತ್ತದೆ, ಹರಳು ಅಲ್ಲಿ ಕರಗುತ್ತದೆ, ವೈರಸ್ಸು ಹೊರಗೆ ಬಂದು ಕರುಳಿಗೆ ಹತ್ತಿಕೊಂಡು ಮೈಯೆಲ್ಲಾ ಹರಡುತ್ತದೆ. ಇದಕ್ಕೆ ದಿನ ಬೇಕು. ಸಣ್ಣ ಹುಳವಾದರೆ ನಾಲ್ಕೈದು ದಿನ, ಸ್ವಲ್ಪ ದೊಡ್ಡದಾದರೆ ವಾರಕ್ಕೂ ಮೇಲೆ. ಅಲ್ಲಿಯವರೆಗೆ ಹುಳ ತಿನ್ನುತ್ತಲೇ ಇರುತ್ತದೆ. ಸಣ್ಣ ಹುಳ ನಾಲ್ಕು ದಿನ ತಿಂದರೆ ಒಂದೆರಡು ಮಗ್ಗು ಹೋಗಬಹುದು. ಬಲಿತ ಹುಳ ಒಂದು ವಾರ ತಿಂದರೆ ಒಂದು ಗಿಡದ ಕಾಯಿ ಹೋದವು. ಸಾವು ಎರಡೂ ಕಡೆ ಬರಬಹುದು, ಆದರೆ ಎರಡನೆಯದರಲ್ಲಿ ನಮಗೆ ಏನು ಉಳಿಯಿತು?

ರೋಗ ಹತ್ತಿದ ಹುಳ ಕೊನೆಗೆ ಗಿಡದ ತುದಿಗೆ ಏರುತ್ತದೆ. ಹಿಂಗಾಲಿನಿಂದ ಹಿಡಿದುಕೊಂಡು ತಲೆಕೆಳಗಾಗಿ ಜೋತು ಬೀಳುತ್ತದೆ. ಮೈ ಬಿಳಿಚಿ ಆಮೇಲೆ ಕಪ್ಪಾಗಿ, ಮುಟ್ಟಿದರೆ ಒಡೆದು ನೀರಿನಂತೆ ಹರಿಯುತ್ತದೆ. ಆ ನೀರಿನಲ್ಲಿ ಕೋಟಿಗಟ್ಟಲೆ ಹರಳು ಇರುತ್ತವೆ. ತುದಿಯಿಂದ ಕೆಳಗಿನ ಎಲೆಗೆ, ಹೂವಿಗೆ ಬಿದ್ದು ಇನ್ನೊಂದು ಹುಳಕ್ಕೆ ಹತ್ತುತ್ತವೆ. ಸತ್ತ ಹುಳ ತಿಂದ ಹಕ್ಕಿಯ ಹಿಕ್ಕೆಯಿಂದಲೂ ಹರಡುತ್ತವೆ. ತುದಿಯಲ್ಲಿ ಜೋತ ಹುಳ ಕಂಡರೆ ಎನ್‌ಪಿವಿ ಹಿಡಿದಿದೆ ಅಂತ ಅರ್ಥ. ಮೂರನೇ ದಿನಕ್ಕೆ ಹೊಲಕ್ಕೆ ಹೋಗಿ ಓಡಾಡುವ ಹುಳ ನೋಡಿ ಬೇಜಾರಾಗುವುದರಲ್ಲಿ ಅರ್ಥವಿಲ್ಲ.

ಹೋದ ವರ್ಷ ನಮ್ಮ ನಾಲ್ಕು ಎಕರೆ ಟಿಎಸ್-3ಆರ್ ತೊಗರಿಯಲ್ಲಿ ಮಾಡಿದ್ದನ್ನು ದಿನದ ಪ್ರಕಾರ ಬರೆಯುತ್ತೇನೆ, ನೋಟ್‌ಬುಕ್ಕಿನಲ್ಲಿ ಇದೆ. ಜೂನ್ ಕೊನೆಗೆ ಬಿತ್ತಿದ್ದು. ಮಗ್ಗು ಕಾಣಿಸಿದ ಕೂಡಲೇ ಎಕರೆಗೆ ಎರಡರಂತೆ ಎಂಟು ಮೋಹಕ ಬಲೆ ಕಟ್ಟಿದೆ. ಗಂಡು ಪತಂಗ ಮಾತ್ರ ಬೀಳುವ ಬಲೆ ಅದು. ಅದರಿಂದ ಹುಳ ಕಡಿಮೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಗಂಟೆ ಇದ್ದಂತೆ, ಬಾರಿಸಿ ಎಬ್ಬಿಸುತ್ತದೆ ಅಷ್ಟೇ.

ಅಕ್ಟೋಬರ್ 8ರ ತನಕ ಎಂಟೂ ಬಲೆ ಸೇರಿ ರಾತ್ರಿಗೆ ಹತ್ತು ಹನ್ನೆರಡು ಪತಂಗ. 11ನೇ ತಾರೀಖು ಒಂದೇ ರಾತ್ರಿ 47. ಮರುದಿನ ಬೆಳಗ್ಗೆ ಹೊಲದ ಐದು ಕಡೆ ನಾಲ್ಕು ನಾಲ್ಕು ಗಿಡ, ಒಟ್ಟು 20 ಗಿಡ ಹಿಡಿದು ತತ್ತಿ ಹುಡುಕಿದೆ. ಗಿಡದ ತುದಿ, ಮಗ್ಗಿನ ಗೊಂಚಲು, ಎಳೆ ಎಲೆ ಇಷ್ಟನ್ನೇ ನೋಡಬೇಕು. ಕಾಯಿಕೊರಕ ತತ್ತಿಯನ್ನು ಒಂದೊಂದಾಗಿ ಇಡುತ್ತದೆ, ಗುಂಪಾಗಿ ಅಲ್ಲ. ಗಸಗಸೆ ಕಾಳಿಗಿಂತ ಸಣ್ಣದು, ದುಂಡಗೆ, ಹಳದಿ ಬಿಳುಪು. ಕನ್ನಡಕ ಬಂದವರು ಮಕ್ಕಳನ್ನು ಕರೆದುಕೊಂಡು ಹೋಗಿ. ನನ್ನ ಮಗಳು ನನಗಿಂತ ಮೂರು ಪಟ್ಟು ಹುಡುಕುತ್ತಾಳೆ. ಅವತ್ತು 20 ಗಿಡಕ್ಕೆ 36 ತತ್ತಿ ಸಿಕ್ಕವು. ಗಿಡಕ್ಕೆ ಎರಡು ತತ್ತಿ ಇಲ್ಲವೇ ಒಂದು ಸಣ್ಣ ಹುಳ ಅನ್ನುವುದು ಔಷಧ ಹೊಡೆಯಬೇಕಾದ ಮಟ್ಟ. ಇನ್ನೂ ಅದರ ಕೆಳಗೇ ಇತ್ತು. 14ಕ್ಕೆ ಅದೇ ರೀತಿ 20 ಗಿಡ ನೋಡಿದಾಗ 58 ತತ್ತಿ, ಅದರಲ್ಲಿ ಎಷ್ಟೋ ಕಂದು ಬಣ್ಣಕ್ಕೆ ತಿರುಗಿದ್ದವು. ತತ್ತಿ ಕಂದಾದರೆ ನಾಳೆ ನಾಡಿದ್ದು ಒಡೆಯುತ್ತದೆ. ತತ್ತಿ ಇಟ್ಟು ಒಡೆಯುವುದಕ್ಕೆ ಮೂರು ದಿನದ ಆಚೆಈಚೆ, ಅಷ್ಟೇ ನಮಗೆ ಸಿಗುವ ಟೈಮು.

ಬಾಟ್ಲಿ ಮೊದಲೇ ತಂದು ಮನೆಯಲ್ಲಿ ತಣ್ಣನೆಯ ಕತ್ತಲೆ ಮೂಲೆಯಲ್ಲಿ ಇಟ್ಟಿದ್ದೆ. ಇಲ್ಲಿ ಒಂದು ಲೆಕ್ಕ ಹೇಳಬೇಕು. ಶಿಫಾರಸು ಹೆಕ್ಟೇರಿಗೆ 250 ಎಲ್‌ಇ, ಅಂದರೆ ಎಕರೆಗೆ 100 ಎಲ್‌ಇ. ಎಲ್‌ಇ ಅಂದರೆ ಒಂದು ಸತ್ತ ಹುಳದಿಂದ ಸಿಗುವಷ್ಟು ವೈರಸ್ಸು ಅಂತ ಹಿಡಿದ ಅಳತೆ, 600 ಕೋಟಿ ಹರಳಿಗೆ ಒಂದು ಎಲ್‌ಇ. ಎಕರೆಗೆ 60,000 ಕೋಟಿ ಆಯಿತು. ಬಾಟ್ಲಿ ಮೇಲೆ ಮಿಲಿಗೆ ಎಷ್ಟು ಹರಳು ಅಂತ ಬರೆದಿರುತ್ತದೆ, ಅದನ್ನು ಪಿಒಬಿ ಅಂತ ಬರೆಯುತ್ತಾರೆ. ಮಿಲಿಗೆ 100 ಕೋಟಿ ಅಂತ ಇದ್ದರೆ ಎಕರೆಗೆ 600 ಮಿಲಿ ಬೇಕು. ಲೇಬಲ್ಲಿನಲ್ಲಿ ಬೇರೆ ಪ್ರಮಾಣ ಇದ್ದರೆ ಆ ಬಾಟ್ಲಿಗೆ ಅದನ್ನೇ ಹಿಡಿಯಿರಿ. ಆದರೆ ಪಿಒಬಿ ಲೆಕ್ಕವೂ ಇಲ್ಲ, ತಯಾರಾದ ತಾರೀಖೂ ಇಲ್ಲ ಅಂದರೆ ಆ ಬಾಟ್ಲಿ ಅಂಗಡಿಯಲ್ಲೇ ಇರಲಿ.

15ರ ಸಂಜೆ ಐದಕ್ಕೆ ಶುರು ಮಾಡಿದೆವು. ಎಕರೆಗೆ 200 ಲೀಟರ್ ನೀರು, ಅಂದರೆ 16 ಲೀಟರಿನ ಪಂಪ್ ಹನ್ನೆರಡು ಹದಿಮೂರು ಸಲ ತುಂಬಬೇಕು. ಇಷ್ಟು ನೀರು ಯಾರೂ ಹೊಡೆಯುವುದಿಲ್ಲ, ಆರೇಳು ಪಂಪಿಗೆ ಮುಗಿಸುತ್ತಾರೆ. ಎಣ್ಣೆಯಾದರೆ ಅದು ಹೇಗೋ ನಡೆದೀತು. ಇದು ಹುಳ ತಿನ್ನುವ ಜಾಗಕ್ಕೇ ಬೀಳಬೇಕು, ಮಗ್ಗು ಹೂವೆಲ್ಲ ತೊಯ್ಯಬೇಕು. 200 ಲೀಟರಿಗೆ ಒಂದು ಕಿಲೋ ಬೆಲ್ಲ ಕರಗಿಸಿ ಸೋಸಿ ಹಾಕಿದೆ, ಹುಳ ರುಚಿ ಹತ್ತಿ ತಿನ್ನಲಿ ಅಂತ. ಬಟ್ಟೆಗೆ ಹಾಕುವ ನೀಲಿ 200 ಮಿಲಿ. ನೀಲಿ ಯಾಕೆ ಅಂತ ಎಲ್ಲರೂ ನಗುತ್ತಾರೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ವೈರಸ್ಸಿಗೆ ಶತ್ರು, ಒಂದೆರಡು ದಿನದ ಬಿಸಿಲಿಗೆ ಬಹುಪಾಲು ಹೋಗಿಬಿಡುತ್ತದೆ. ನೀಲಿ ಆ ಕಿರಣವನ್ನು ಸ್ವಲ್ಪ ತಡೆಯುತ್ತದೆ. ಸಂಜೆ ಹೊಡೆಯುವುದೂ ಅದಕ್ಕೇ: ಒಂದು ಪೂರ್ತಿ ರಾತ್ರಿ ವೈರಸ್ಸಿಗೆ ಸಿಗುತ್ತದೆ, ಹುಳವೂ ತಂಪು ಹೊತ್ತಿನಲ್ಲಿ ಚೆನ್ನಾಗಿ ತಿನ್ನುತ್ತದೆ. ಕತ್ತಲಾಗುವ ಹೊತ್ತಿಗೆ ಎರಡು ಎಕರೆ ಮುಗಿಯಿತು, ಉಳಿದದ್ದು ಮರುದಿನ ಸಂಜೆ. ಹತ್ತು ಸಾಲು ಏನೂ ಹೊಡೆಯದೆ ಬಿಟ್ಟೆ, ನೋಡೋಣ ಅಂತ.

18ಕ್ಕೆ ಹೋದರೆ 20 ಗಿಡದಲ್ಲಿ 31 ಸಣ್ಣ ಹುಳ, ಎಲ್ಲವೂ ಓಡಾಡುತ್ತಿದ್ದವು. ಮನೆಯವಳು, "ಬೆಲ್ಲದ ನೀರು ಕುಡದು ಗಟ್ಟಿ ಆಗ್ಯಾವ ನೋಡ್ರಿ" ಅಂದಳು. ಸುಮ್ಮನಿದ್ದೆ, ಒಳಗೆ ನನಗೂ ಅಂಜಿಕೆ ಇತ್ತು. 20ಕ್ಕೆ ಎಷ್ಟೋ ಹುಳ ಬಿಳಿಚಿ ಜಡವಾಗಿದ್ದವು, ಮುಟ್ಟಿದರೆ ಮುದುಡಿಕೊಳ್ಳುತ್ತಿರಲಿಲ್ಲ. 22ಕ್ಕೆ ಎಣಿಸಿದಾಗ ಬದುಕಿದ್ದು 9, ಜೋತು ಬಿದ್ದದ್ದು 14. ಉಳಿದವು ಉದುರಿರಬೇಕು, ಇಲ್ಲ ಹಕ್ಕಿ ತಿಂದಿರಬೇಕು. ಅಷ್ಟರಲ್ಲಿ ಹೊಸ ತತ್ತಿ ಮತ್ತೆ ಕಂಡವು, ಪತಂಗ ಒಂದೇ ದಿನ ಬಂದು ಹೋಗುವುದಿಲ್ಲವಲ್ಲ. 24ರ ಸಂಜೆ ಎರಡನೇ ಸಲ ಹೊಡೆದೆವು. ತಪ್ಪಿಸಿಕೊಂಡು ಬೆಳೆದ ಹುಳಗಳಿಗೆ ನವೆಂಬರ್ ಮೊದಲ ವಾರ ಇಬ್ಬರು ಸಾಲಿನ ಎರಡೂ ಬದಿ ತಾಡಪತ್ರಿ ಹಿಡಿದು ಗಿಡ ಅಲುಗಾಡಿಸಿದೆವು. ಬಿದ್ದ ಹುಳ ಕೋಳಿಗೆ. ತೊಗರಿ ನಡುವೆ ಅಲ್ಲಲ್ಲಿ ಬಿತ್ತಿದ್ದ ಜ್ವಾಳದ ತೆನಿ ಮೇಲೆ ಹಕ್ಕಿ ಕೂತು ಅವು ತಮ್ಮ ಪಾಲು ತಿಂದವು.

ಕಾಯಿ ಕೊಯ್ಯುವ ಮೊದಲು ನೂರು ಕಾಯಿ ಹರಿದು ನೋಡಿದೆ. ಹೊಡೆದ ಕಡೆ 11ಕ್ಕೆ ತೂತು, ಬಿಟ್ಟ ಹತ್ತು ಸಾಲಿನಲ್ಲಿ 34ಕ್ಕೆ. ಇದು ಒಂದು ಹೊಲದ, ಒಂದು ವರ್ಷದ ಮಾತು. ನಡುವೆ ಮಳೆ ಬಂದಿದ್ದರೆ, ಪತಂಗ ದುಪ್ಪಟ್ಟು ಬಂದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು.

ಕಡ್ಲಿಗೆ ಇದೇ ಧೈರ್ಯದಿಂದ ನಾನು ಹೇಳುವುದಿಲ್ಲ. ಕಡ್ಲಿ ಗಿಡದ ಮೇಲೆ ಹುಳಿ ಇರುತ್ತದೆ ಅನ್ನುವುದು ನಮ್ಮ ಅವ್ವಂದಿರಿಗೆಲ್ಲ ಗೊತ್ತಿತ್ತು. ರಾತ್ರಿ ಬಿಳಿ ಅರಿವೆ ಹಾಸಿ, ಬೆಳಗ್ಗೆ ಇಬ್ಬನಿ ಜೊತೆ ಹಿಂಡಿ, ಹೊಟ್ಟೆನೋವಿಗೆ ಕಡ್ಲಿ ಹುಳಿ ಇಟ್ಟುಕೊಳ್ಳುತ್ತಿದ್ದರು. ಎಲೆಯ ಮೇಲೆ ಆ ಹುಳಿ ಮಾತ್ರ ಅಲ್ಲ, ಬೇರೆ ಪದಾರ್ಥಗಳೂ ಇರುತ್ತವೆ, ಅವು ಎನ್‌ಪಿವಿಯ ಕಸುವು ಇಳಿಸುತ್ತವೆ ಅಂತ ವಿಜ್ಞಾನಿಗಳು 2010ರಲ್ಲಿ ತೋರಿಸಿಕೊಟ್ಟರು. ಬೇರೆ ಬೆಳೆಯಲ್ಲಿ ಸಾಯುವಷ್ಟು ಹುಳ ಅದೇ ಪ್ರಮಾಣಕ್ಕೆ ಕಡ್ಲಿಯಲ್ಲಿ ಸಾಯುವುದಿಲ್ಲ. ನನ್ನ ಜೆಜಿ-11 ಕಡ್ಲಿಯಲ್ಲೂ ಹಾಗೇ ಕಂಡಿತು. ತೊಗರಿಯಲ್ಲಿ ಸಿಕ್ಕ ಫಲದ ಅರ್ಧವೂ ಒಂದು ಸಲದ ಹೊಡೆತಕ್ಕೆ ಸಿಗಲಿಲ್ಲ. ವಾರದೊಳಗೆ ಎರಡನೇ ಸಲ ಹೊಡೆಯಬೇಕಾಯಿತು.

ಆದರೂ ಕಡ್ಲಿಯಲ್ಲಿ ಪೂರ್ತಿ ಬಿಡಬೇಕಾಗಿಲ್ಲ, ಯಾಕೆಂದರೆ ಅಲ್ಲಿ ನಮ್ಮ ಕಡೆಗೆ ಒಬ್ಬ ಸಣ್ಣ ಆಳು ಇದ್ದಾನೆ. ಕಡ್ಲಿ ಸಣ್ಣದಿದ್ದಾಗ ಎಲೆ ಮೇಲೆ ಅಕ್ಕಿ ಕಾಳಿಗಿಂತ ಸಣ್ಣ ಬೆಳ್ಳನೆಯ ಗೂಡು ಕಂಡರೆ ಚಿವುಟಿ ಹಾಕಬೇಡಿ. ಎಳೆ ಹುಳದೊಳಗೆ ತತ್ತಿ ಇಡುವ ಕಣಜದ ಗೂಡು ಅದು. ಮೊಳಕೆ ಎದ್ದ ಇಪ್ಪತ್ತನೇ ದಿನಕ್ಕೇ ಬಿರುಸಿನ ಎಣ್ಣೆ ಹೊಡೆದರೆ ಮೊದಲು ಸಾಯುವುದು ಅದು. ಸಾಲಿನ ಒಂದು ಮೀಟರಿಗೆ ಒಂದು ಹುಳ ಸಿಗುವ ತನಕ ಕೈ ತಡೆಯಬಹುದು. ಎಳ್ಳ ಅಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಕಡ್ಲಿ ಕಾಯಿ ಕಟ್ಟುತ್ತಿರುತ್ತದೆ, ಹಕ್ಕಿಗಳು ಹೊಲಕ್ಕೆ ಇಳಿಯುತ್ತವೆ. ಹಿರಿಯರು ಭೂಮ್ತಾಯಿಗೆ ಅಂತ ಚೆಲ್ಲಿದ ಅನ್ನ ಹುಳಕ್ಕೂ ಮುಳ್ಳಾಯಿತು.

ದೊಡ್ಡ ಹುಳ ತುಂಬಿಹೋಗಿದ್ದರೆ ಎನ್‌ಪಿವಿ ಹಿಡಿದುಕೊಂಡು ಕೂರಬೇಡಿ. ಎಮಾಮೆಕ್ಟಿನ್ ಅಥವಾ ಕ್ಲೋರ್‌ಆಂಟ್ರನಿಲಿಪ್ರೋಲ್ ಲೇಬಲ್ ಪ್ರಮಾಣದಲ್ಲಿ ಒಂದು ಸಲ ಹೊಡೆಯಿರಿ, ಅದರಲ್ಲಿ ನಾಚಿಕೆ ಇಲ್ಲ. ಮೂರು ಎಣ್ಣೆ ಒಂದೇ ಪಂಪಿಗೆ ಕಲಸಿ ಕೊಡುವ ಅಂಗಡಿಯ ಲೆಕ್ಕ ಮಾತ್ರ ಬೇಡ. ಕೃಷಿ ವಿಶ್ವವಿದ್ಯಾಲಯದವರು ಹೇಳುವ ಕ್ರಮದಲ್ಲೂ ಎನ್‌ಪಿವಿ ಒಂದೇ ಇಲ್ಲ. ತತ್ತಿ ಕೊಲ್ಲುವ ಔಷಧ, ಬೇವಿನ ಬೀಜದ ಕಷಾಯ, ಎನ್‌ಪಿವಿ, ಕೊನೆಗೆ ಬೇಕಾದರೆ ಎಣ್ಣೆ, ಹೀಗೆ ಸರದಿ ಇದೆ. ನನ್ನ ಜಗಳ ಆ ಸರದಿಯ ಜೊತೆ ಅಲ್ಲ. ಎನ್‌ಪಿವಿಯ ಸರದಿ ಬಂದಾಗ ಬಾಟ್ಲಿ ಎಲ್ಲೂ ಸಿಗದೆ, ಹದಿನೈದು ದಿನ ಬಿಟ್ಟು ಸಿಗುವುದರ ಜೊತೆ. ತೊಗರಿ ಹೂ ಬಿಡುವ ದಿನ ನಮ್ಮ ಮೂರು ತಾಲೂಕಿನಲ್ಲಿ ಪ್ರತಿ ವರ್ಷ ಒಂದೇ ಹೊತ್ತಿಗೆ ಬರುತ್ತದೆ, ಯಾರಿಗೂ ಗುಟ್ಟಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ಬಾಟ್ಲಿ ಊರಲ್ಲಿ ಇರದಿದ್ದರೆ, ನವೆಂಬರಿನಲ್ಲಿ ಪುಕ್ಕಟೆ ಕೊಟ್ಟರೂ ದಂಡ.

ಹಾಗಾದರೆ ನಾವೇ ಮಾಡಿಕೊಳ್ಳಬಹುದಾ ಅಂತ ಕೇಳುವವರು ಇದ್ದಾರೆ. ಮಾಡಬಹುದು, ಆದರೆ ಸಲೀಸಲ್ಲ. ಹೊಲದಿಂದ ಬೆಳೆದ ಹುಳ ಹಿಡಿದು ತಂದು, ನೆನೆಸಿದ ಕಡ್ಲಿಕಾಳಿಗೆ ವೈರಸ್ಸು ಹಚ್ಚಿ ತಿನ್ನಿಸಬೇಕು. ಒಂದೊಂದು ಹುಳಕ್ಕೆ ಒಂದೊಂದು ಡಬ್ಬಿ. ಎರಡು ಒಟ್ಟಿಗೆ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಸತ್ತವನ್ನು ಅರೆದು ತೆಳು ಬಟ್ಟೆಯಲ್ಲಿ ಸೋಸಿದರೆ ಹರಳು ತಳಕ್ಕೆ ಕೂರುತ್ತವೆ. ನಮ್ಮಲ್ಲಿ ಸೂಕ್ಷ್ಮದರ್ಶಕ ಇಲ್ಲ, ಹರಳು ಎಷ್ಟಿವೆ ಅಂತ ತಿಳಿಯುವುದಿಲ್ಲ, ಕೊಳೆತ ಹುಳದಲ್ಲಿ ಬೇರೆ ಕ್ರಿಮಿಯೂ ಸೇರುತ್ತದೆ. ಅದಕ್ಕೆ ನಾನು ಮಾಡುವುದು ಅಷ್ಟು ದೂರದ ಕೆಲಸವಲ್ಲ. ಮೊದಲ ಹೊಡೆತದ ನಂತರ ತುದಿಯಲ್ಲಿ ಜೋತ ಹುಳಗಳನ್ನು ಚಿಮಟದಿಂದ ಬಾಟ್ಲಿಗೆ ಹಾಕುತ್ತೇನೆ. ಎಕರೆಗೆ ನೂರು ನೂರೈವತ್ತು ಸಿಕ್ಕರೆ ಕಲಸಿ ಸೋಸಿ, ಎರಡನೇ ಸಲ ಹೊಡೆಯುವಾಗ ಕೊಂಡ ಬಾಟ್ಲಿಯ ಜೊತೆ ಸೇರಿಸುತ್ತೇನೆ. ಕೊಂಡದ್ದರ ಬದಲಿಗೆ ಅಲ್ಲ, ಜೊತೆಗೆ.

ಮಸ್ಕಿಯ ಆ ಹುಡುಗನ ಹೊಲದಲ್ಲಿ ಈಗ ಕಡ್ಲಿ ಇಪ್ಪತ್ತು ದಿನದ್ದಿದೆ. ಭಾನುವಾರ ಬೆಳಗ್ಗೆ ಬಾ ಅಂದಿದ್ದಾನೆ. ಮಗಳನ್ನೂ ಕರೆದುಕೊಂಡು ಹೋಗುತ್ತೇನೆ, ತತ್ತಿ ಹುಡುಕುವುದಕ್ಕೆ.